ಕೂಗದ ಸೈರನ್

ಪಾರವ್ವ ಅಂಬಿಗೇರ ಸೈರನ್ ಕೇಳಿದ್ದಳು. ಅವಳು ಕೇಳಿರಲಿಲ್ಲ ಎನ್ನುತ್ತಿತ್ತು ಯಂತ್ರ.

ಸುಗಂಧಾ ಕಮ್ಮಾರ ಪರದೆಯನ್ನು ಎರಡು ಸಲ ಒರೆಸಿದಳು. ಒರೆಸಿದರೆ ಬಣ್ಣ ಬದಲಾಗುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಶಿವಗಂಗಾವತಿಯ ಸ್ಮೃತಿ ಸಮೀಕ್ಷಾ ಕೇಂದ್ರದಲ್ಲಿ ಹನ್ನೊಂದು ವರ್ಷದಿಂದ ಅವಳೇ ಮುಖ್ಯಸ್ಥೆ. ಜಾಡುಮಾಪಕ ಎಂದು ಎಲ್ಲರೂ ಕರೆಯುವ ಆ ಯಂತ್ರವನ್ನು ಅಲ್ಲಿಗೆ ತಂದವಳೂ ಅವಳೇ.

ಯಂತ್ರದ ಕೆಲಸ ಇಷ್ಟು. ತಲೆಗೆ ಹಗುರವಾದ ಒಂದು ಪಟ್ಟಿ ಕಟ್ಟುತ್ತಾರೆ. ಎದುರಿಗೆ ಕೂತವರು ನಡೆದದ್ದನ್ನು ಹೇಳುತ್ತ ಹೋದಂತೆ, ಆ ನೆನಪು ಮಿದುಳಿನಲ್ಲಿ ಯಾವ ಯಾವ ಸಂಗಾತಿಗಳನ್ನು ಎಬ್ಬಿಸಿಕೊಂಡು ಬರುತ್ತದೆ ಎಂದು ಅದು ನೋಡುತ್ತದೆ. ತಾನೇ ಅನುಭವಿಸಿದ ನೆನಪು ಒಂಟಿಯಾಗಿ ಬರುವುದಿಲ್ಲ. ಜಾಗದ ಅಂದಾಜು, ಕಾಲಡಿಯ ನೆಲ, ವಾಸನೆ, ಮೈಯ ನಡುಕ, ಎಲ್ಲವನ್ನೂ ಎಳೆದುಕೊಂಡು ಬರುತ್ತದೆ. ಅದರಲ್ಲಿ ನಾವು ನಮ್ಮ ಕಣ್ಣಿನಿಂದಲೇ ನೋಡುತ್ತೇವೆ. ಓದಿ ಬಂದ ನೆನಪಿಗೆ ಮಾತಿನ ಬೆನ್ನೆಲುಬು ಇರುತ್ತದೆ. ಪದಗಳು ಸಾಲಾಗಿ ಬರುತ್ತವೆ, ಮೈ ಸುಮ್ಮನಿರುತ್ತದೆ. ಸ್ಮಾರಕ, ಮೆರವಣಿಗೆ, ಸಮಾರಂಭಗಳಿಂದ ಬಂದದ್ದರಲ್ಲಿ ನೋಡುವವರು ಹೊರಗೆ ನಿಂತಿರುತ್ತಾರೆ, ಬಹಳ ಸಲ ಕೆಳಗಿನಿಂದ ಮೇಲೆ ನೋಡುತ್ತಿರುತ್ತಾರೆ. ಯಂತ್ರ ಇವಕ್ಕೆಲ್ಲ ಬಣ್ಣ ಕೊಡುತ್ತದೆ. ಅನುಭವಕ್ಕೆ ಹಸಿರು, ಮನೆಯಲ್ಲಿ ಕೇಳಿದ್ದಕ್ಕೆ ಹಳದಿ, ಪಾಠಕ್ಕೆ ನೀಲಿ, ಸ್ಮಾರಕ ಮತ್ತು ಸಮಾರಂಭಕ್ಕೆ ಕೆಂಪು.

ಪಾರವ್ವನ ನೆನಪು ಹಸಿರಿನಲ್ಲಿ ತೊಯ್ದಿತ್ತು. ಅರವತ್ತೆಂಟು ವರ್ಷದ ಆ ಹೆಂಗಸು ತನ್ನ ಹದಿನೆಂಟನೆಯ ವಯಸ್ಸಿನ ಒಂದು ಮಧ್ಯಾಹ್ನವನ್ನು ಹೇಳುತ್ತಿದ್ದಳು. ಮರಳಗೇರಿಯ ತಗ್ಗು, ತಗಡಿನ ಮನೆ, ಜ್ವರ ಬಂದು ಮಲಗಿದ್ದ ಅಕ್ಕ ಕಸ್ತೂರಿ, ದಿಬ್ಬದ ಮೇಲೆ ಒಣಗಹಾಕಿದ ಹೊದೆಯುವ ಕೌದಿ, ಎಲ್ಲವೂ ಹಸಿರು. ನಡುವೆ ಒಂದೇ ಒಂದು ಕಡೆ, ಹೊಸ ಬಟ್ಟೆಯ ತೇಪೆ ಹಾಕಿದಂತೆ, ನೀಲಿ ಮತ್ತು ಕೆಂಪು.

"ಆವಾಗ ಸೈರನ್ ಕೂಗಿತ್ರೀ," ಅಂದಳು ಪಾರವ್ವ. "ನೀರು ಬಿಡ್ತಾರ ಅಂತ ಗೊತ್ತಾತು. ನಮ್ಮಕ್ಕ ಎದ್ದು ಹೋಗೂಣು ಅಂತಿದ್ಳು. ನಾ ಏನ್ ಮಾಡಿದೆ, ತಡಿ, ಕೌದಿ ತರ್ತೀನಿ ಅಂತ ದಿಬ್ಬ ಹತ್ತಿದೆ. ಸೈರನ್ ಕೇಳಿನೂ ಕೌದಿಗೆ ಹೋದೆ ನೋಡ್ರಿ. ತಿರುಗಿ ನೋಡೋದ್ರಾಗ ಮನಿ ಇಲ್ಲ, ಕೇರಿ ಇಲ್ಲ."

ಸುಗಂಧಾ ಪಟ್ಟಿ ಬಿಚ್ಚಿ, ನೀರು ಕೊಟ್ಟಳು.

"ಅವ್ವಾರ, ಸೈರನ್ ಯಾವ ಕಡಿಂದ ಕೇಳಿಸ್ತು?"

ಪಾರವ್ವ ಯೋಚಿಸಿದಳು. "ಮ್ಯಾಲಿಂದ. ಕಂಬದ ಮ್ಯಾಲಿಂದ."

ಮರಳಗೇರಿಯಲ್ಲಿ ಕಂಬವೇ ಇರಲಿಲ್ಲ. ಸೈರನ್ ಕಟ್ಟಿದ ಕಂಬ ಇರುವುದು ಪಟ್ಟಣದ ಸ್ಮಾರಕ ವೃತ್ತದಲ್ಲಿ.

ಬೆಣಚಿಹೊಳೆ ಅಣೆಕಟ್ಟಿನ ಕಥೆ ದೇಶದ ಪ್ರತಿ ಮಗುವಿಗೂ ಗೊತ್ತು. ಐವತ್ತು ವರ್ಷದ ಹಿಂದೆ, ಎರಡು ಸಾವಿರದ ಇಪ್ಪತ್ತೊಂಬತ್ತರ ಆಗಸ್ಟ್ ಒಂಬತ್ತರಂದು, ಮೇಲೆಲ್ಲೋ ಘಟ್ಟದಲ್ಲಿ ಸುರಿದ ಮಳೆಗೆ ಎಂದೂ ಕಾಣದಂಥ ನೆರೆ ಬಂದು ಅಣೆಕಟ್ಟು ಬಿರಿಯುವ ಹಂತಕ್ಕೆ ಬಂತು. ಕರೆಂಟು ಹೋಗಿ ಗೇಟುಗಳು ಏಳಲಿಲ್ಲ. ಹದಿನಾಲ್ಕು ಜನ ಸಿಬ್ಬಂದಿ ಕೈಯಿಂದ ಚಕ್ರ ತಿರುಗಿಸಿ ಗೇಟು ಎತ್ತಿದರು. ಕೊನೆಯ ಗೇಟು ಎದ್ದಾಗ ನಾಲ್ಕು ಗಂಟೆ ಹತ್ತು ನಿಮಿಷ. ಅದೇ ಹೊತ್ತಿಗೆ ಅವರು ನಿಂತಿದ್ದ ಕಾಲುಸೇತುವೆ ಕುಸಿದು ಹದಿನಾಲ್ಕೂ ಜನ ನೀರುಪಾಲಾದರು. ಐದು ಲಕ್ಷ ಜನರ ಶಿವಗಂಗಾವತಿ ಉಳಿಯಿತು. ಆಗಸ್ಟ್ ಒಂಬತ್ತು ದೇಶಕ್ಕೆಲ್ಲ ಜಲವೀರರ ದಿನವಾಯಿತು, ರಜೆಯಾಯಿತು. ವೃತ್ತದಲ್ಲಿ ಸ್ಮಾರಕ ಎದ್ದಿತು. ಏಳನೆಯ ತರಗತಿಗೆ ಪಾಠ ಬಂತು.

ಅಣೆಕಟ್ಟಿನ ಕೆಳಗೆ ಹೊಳೆಯ ದಂಡೆಯಲ್ಲಿ ಮರಳಗೇರಿ ಎಂಬ ಕೇರಿ ಇತ್ತು, ಎತ್ತಿದ ಗೇಟಿನ ನೀರು ಅದನ್ನು ಗುಡಿಸಿಕೊಂಡು ಹೋಯಿತು ಎಂಬುದು ಪಾಠದಲ್ಲಿ ಇಲ್ಲವೆಂದಲ್ಲ. "ತಗ್ಗುಪ್ರದೇಶದಲ್ಲಿ ಕೆಲವು ಹಾನಿ ಸಂಭವಿಸಿತು" ಎಂದು ಒಂದು ಸಾಲು ಇದೆ. ಯಾರು, ಎಷ್ಟು ಜನ, ಯಾಕೆ ಎನ್ನುವುದಕ್ಕೆ ಆ ಸಾಲಿನಲ್ಲಿ ಜಾಗವಿಲ್ಲ.

ಐವತ್ತನೇ ವರ್ಷದ ಆಚರಣೆಗೆ ಮುಂಚೆ ದೇಶದ ನೆನಪು ಎಷ್ಟು ಗಟ್ಟಿಯಿದೆ ಎಂದು ಅಳೆದು ಕೊಡಿ ಎಂದು ಇಲಾಖೆ ಕೇಳಿತ್ತು. ಫಲಿತಾಂಶ ನೋಡಿ ಇಲಾಖೆ ಸಂತೋಷಪಟ್ಟಿತ್ತು. ನೂರರಲ್ಲಿ ತೊಂಬತ್ತೊಂದು ಜನ ಹದಿನಾಲ್ಕು ಎಂಬ ಸಂಖ್ಯೆ ಸರಿಯಾಗಿ ಹೇಳಿದ್ದರು. ಸುಗಂಧಾಳಿಗೆ ಮಾತ್ರ ಆ ಅಂಕಿಗಳ ಕೆಳಗಿನ ಇನ್ನೊಂದು ಗೆರೆ ಕಾಡುತ್ತಿತ್ತು. ವಯಸ್ಸಾದವರಲ್ಲಿ ಕಥೆಗಳು ಬೇರೆಬೇರೆ. ಒಬ್ಬರಿಗೆ ಮೂರು ದಿನ ಹಾಲು ಸಿಗದಿದ್ದುದು ನೆನಪು, ಒಬ್ಬರಿಗೆ ಹೊಳೆಯಲ್ಲಿ ತೇಲಿಬಂದ ಆಡುಗಳು. ಮೂವತ್ತರ ಒಳಗಿನವರೆಲ್ಲ ಒಂದೇ ಕಥೆಯನ್ನು ಒಂದೇ ಕ್ರಮದಲ್ಲಿ ಹೇಳುತ್ತಿದ್ದರು. ಮರಳಗೇರಿ ಎಂದರೆ ಅವರಿಗೆ ಏನೂ ಅಲ್ಲ.

ಯಾರೂ ಅದನ್ನು ಮುಚ್ಚಿಟ್ಟಿರಲಿಲ್ಲ ಎನ್ನುವುದೇ ವಿಚಿತ್ರ. ನೆನಪಿನ ಸ್ವಭಾವ ಹಾಗೆ. ಒಂದು ಘಟನೆಯ ಒಂದು ಭಾಗವನ್ನು ಮತ್ತೆ ಮತ್ತೆ ಹೇಳಿದರೆ ಅದು ಗಟ್ಟಿಯಾಗುತ್ತದೆ. ಅದಕ್ಕೆ ಅಂಟಿಕೊಂಡಿದ್ದ, ಹೇಳದೆ ಬಿಟ್ಟ ಭಾಗ ಸುಮ್ಮನೆ ಇದ್ದಲ್ಲಿ ಇರುವುದಿಲ್ಲ. ಸಂಬಂಧವೇ ಇಲ್ಲದ ಬೇರೆ ಸಂಗತಿಗಳಿಗಿಂತ ಬೇಗ ಮಾಸುತ್ತದೆ. ಹೇಳುವವರಲ್ಲಿ ಮಾಸುತ್ತದೆ, ಕೇಳುವವರಲ್ಲೂ ಮಾಸುತ್ತದೆ. ಪ್ರತಿ ವರ್ಷ ಹದಿನಾಲ್ಕು ಹೆಸರು ಓದಿದಾಗಲೆಲ್ಲ ಮರಳಗೇರಿ ಒಂದಿಷ್ಟು ಅಳಿದಿತ್ತು. ಬಾಯಿಂದ ಬಾಯಿಗೆ ಬರುವ ನೆನಪಿಗೆ ಹೇಗೂ ಮೂರು ತಲೆಮಾರಿನ ಆಯುಸ್ಸು. ಆಮೇಲೆ ಕಲ್ಲು, ಕ್ಯಾಲೆಂಡರು, ಪುಸ್ತಕ ಯಾವುದನ್ನು ಹಿಡಿದಿಟ್ಟಿವೆಯೋ ಅದೇ ಉಳಿಯುವುದು.

ಇದನ್ನು ಅಳೆಯಲೆಂದೇ ಅವಳು ಮರಳಗೇರಿಯಲ್ಲಿ ಉಳಿದವರಿಗೆ ಪಟ್ಟಣದಾಚೆ ಹನ್ನೊಂದು ಕಿಲೋಮೀಟರ್ ದೂರ ಕಟ್ಟಿಕೊಟ್ಟಿದ್ದ ಹೊಸ ಕಾಲೊನಿಗೆ ಯಂತ್ರ ಹೊತ್ತುಕೊಂಡು ಹೋಗಿದ್ದಳು. ಹಿಂದಿನ ಯಾವ ಸಮೀಕ್ಷೆಯೂ ಅಲ್ಲಿಗೆ ಹೋಗಿರಲಿಲ್ಲ. ಅಲ್ಲಾದರೂ ಬೇರೆ ಕಥೆ ಇರುತ್ತದೆ ಎಂದುಕೊಂಡಿದ್ದಳು. ಬೇರೆ ಕಥೆ ಇತ್ತು, ಆದರೆ ಅದರೊಳಗೂ ಸೈರನ್ ಕೂತಿತ್ತು. ಪಾರವ್ವ ಒಬ್ಬಳದೇ ಅಲ್ಲ. ಕಾಲೊನಿಯಲ್ಲಿ ಮಾತಾಡಿಸಿದ ಇಪ್ಪತ್ತಾರು ಹಿರಿಯರಲ್ಲಿ ಹತ್ತೊಂಬತ್ತು ಜನ ಸೈರನ್ ಕೇಳಿದ್ದರು. ಹತ್ತೊಂಬತ್ತೂ ಕಡೆ ಅದು ನೀಲಿ, ಕೆಂಪು. ಒಂದು ಎಳೆ ಹಸಿರಿಲ್ಲ.

*

ಗಂಡ ವಿರೂಪಾಕ್ಷ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನದ ಮೇಷ್ಟ್ರು. ಸಂಜೆ ಅವನು ಊಟದ ಮೇಜಿನ ಮೇಲೆ ಏಳನೆಯ ತರಗತಿಯ ಕಿರುಪರೀಕ್ಷೆಯ ಉತ್ತರಪತ್ರಿಕೆ ಹರಡಿಕೊಂಡು ಕೂತಿದ್ದ. ಸುಗಂಧಾ ಒಗ್ಗರಣೆ ಅವಲಕ್ಕಿಯ ತಟ್ಟೆ ಇಡಲು ಜಾಗ ಹುಡುಕಿದಳು.

"ನೋಡಿಲ್ಲೆ," ಅಂದ ವಿರೂಪಾಕ್ಷ. "ನಲವತ್ತೆರಡು ಹುಡುಗ್ರು, ನಲವತ್ತೆರಡು ಕೈಬರಹ, ವಾಕ್ಯ ಒಂದೇ."

ಪ್ರಶ್ನೆ: ಜಲವೀರರು ಜನರನ್ನು ಹೇಗೆ ಎಚ್ಚರಿಸಿದರು? ಉತ್ತರ, ಒಂದರ ಕೆಳಗೆ ಒಂದು: "ಸಾವು ಎದುರಿಗಿದ್ದರೂ ಧೃತಿಗೆಡದೆ ಅವರು ಸೈರನ್ ಮೊಳಗಿಸಿ ಜನರನ್ನು ಎಚ್ಚರಿಸಿದರು."

"ಎರಡು ಮಾರ್ಕಿನ ಪ್ರಶ್ನೆ," ಅಂದ ಅವನು. "ಪ್ರತಿ ವರ್ಷ ಬರ್ತದ. ಇಡೀ ಪಾಠದಾಗ ಹುಡುಗರು ಬಾಯಿಪಾಠ ಮಾಡೋದು ಇದೊಂದೇ ಸಾಲು. ಪ್ರಶ್ನೆ ಆಗದಿರೋದು ಯಾರಿಗೂ ನೆನಪಿರೂದಿಲ್ಲ."

ಸುಗಂಧಾ ಉತ್ತರಪತ್ರಿಕೆ ಕೈಗೆತ್ತಿಕೊಂಡು ಬಹಳ ಹೊತ್ತು ನೋಡಿದಳು.

"ಏನಾತು?"

"ಈ ವಾಕ್ಯ ನಾ ಬರದದ್ದು ವಿರೂ."

ಅವನು ಪೆನ್ನು ಕೆಳಗಿಟ್ಟ. ಇಪ್ಪತ್ತೆರಡು ವರ್ಷದ ಹಿಂದೆ ಅವಳು ಪಠ್ಯಪುಸ್ತಕ ಸಮಿತಿಯಲ್ಲಿ ಕಿರಿಯ ಸಂಶೋಧಕಿ ಆಗಿದ್ದಳು, ಆ ಪಾಠದ ಕರಡು ಅವಳದೇ ಎಂದು ಅವನಿಗೆ ಗೊತ್ತಿತ್ತು. ಮದುವೆಯ ಹೊಸದರಲ್ಲಿ ಹೆಮ್ಮೆಯಿಂದ ಓದಿ ತೋರಿಸಿದ್ದಳು.

"ಬರಿಯೋ ಮುಂದ ಎಲ್ಲಿಂದ ತಗೊಂಡಿದ್ದಿ?"

"ಅದ ನೆನಪಾಗವಲ್ದು," ಅಂದಳು ಸುಗಂಧಾ. ದೇಶದ ನೆನಪನ್ನೆಲ್ಲ ಅಳೆಯುವವಳು ತನ್ನ ಒಂದು ವಾಕ್ಯದ ಮೂಲ ಮರೆತಿದ್ದಳು.

*

ಮುಂದಿನ ಎರಡು ವಾರ ಅವಳು ಆ ವಾಕ್ಯದ ಬೆನ್ನು ಹತ್ತಿದಳು.

ಮೊದಲು ಅಣೆಕಟ್ಟಿನ ದಾಖಲೆ ಕೋಣೆ. ಆ ದಿನದ ಲಾಗ್ ಪುಸ್ತಕದ ಕೊನೆಯ ಪುಟ ನೀರು ಕುಡಿದು ಉಬ್ಬಿತ್ತು. ಅಕ್ಷರ ಸ್ಪಷ್ಟವಾಗಿದ್ದವು. "3:20. ವಿದ್ಯುತ್ ಪೂರ್ತಿ ಕಡಿತ. ಜನರೇಟರ್ ಕೋಣೆಗೆ ನೀರು. 3:35. ಕೈಯಿಂದ ಗೇಟು ಎತ್ತಲು ಆರಂಭ." ಸೈರನ್ನಿನ ಮಾತು ಎಲ್ಲೂ ಇಲ್ಲ. ಸಲಕರಣೆಗಳ ಪಟ್ಟಿ ತೆಗೆಸಿದಳು. ಅಣೆಕಟ್ಟಿಗೆ ಇದ್ದದ್ದು ಒಂದೇ ಸೈರನ್, ಕರೆಂಟಿನದು. ಕರೆಂಟು ಹೋದ ಮೇಲೆ ಅದನ್ನು ಕೂಗಿಸಲು ಯಾವ ವೀರನಿಗೂ ಸಾಧ್ಯವಿರಲಿಲ್ಲ.

ಹಾಗಾದರೆ ವೃತ್ತದಲ್ಲಿ ಪ್ರತಿ ವರ್ಷ ನಾಲ್ಕು ಹತ್ತಕ್ಕೆ ಕೂಗುವ ಸೈರನ್ ಎಲ್ಲಿಂದ ಬಂತು? ಮೊದಲ ವರ್ಷದ ಆಚರಣೆಯ ಸುತ್ತೋಲೆ ಜಿಲ್ಲಾ ಕಡತಗಳಲ್ಲಿ ಸಿಕ್ಕಿತು. "ಎರಡು ನಿಮಿಷದ ಮೌನಾಚರಣೆಯ ಆರಂಭವನ್ನು ಸೂಚಿಸಲು ಅಗ್ನಿಶಾಮಕ ಠಾಣೆಯ ಸೈರನ್ ತಂದು ವೃತ್ತದ ಕಂಬಕ್ಕೆ ಕಟ್ಟಿ ಬಳಸತಕ್ಕದ್ದು." ಅಷ್ಟೇ. ಜನರೆಲ್ಲ ಒಟ್ಟಿಗೆ ಸುಮ್ಮನಾಗಲಿ ಎಂದು ಇಟ್ಟ ಗುರುತು ಅದು.

ಮೂರನೆಯದು ಸ್ಮಾರಕ. ಸುಗಂಧಾ ದಿನಾ ಅದರ ಪಕ್ಕದಲ್ಲೇ ಬಸ್ಸು ಹತ್ತುತ್ತಿದ್ದಳು. ನಿಲ್ದಾಣದ ಹೆಸರೇ ಜಲವೀರ ಸ್ಟಾಪ್. ಸ್ಮಾರಕದ ಸ್ವಭಾವವೇ ಇದು: ನೆನಪಿಡುವ ಕೆಲಸವನ್ನು ಕಲ್ಲಿಗೆ ಒಪ್ಪಿಸಿದ ಮೇಲೆ ಜನ ಅದನ್ನು ನೋಡುವುದನ್ನು ಬಿಡುತ್ತಾರೆ. ಅಲ್ಲಿ ಎಷ್ಟು ಫಲಕಗಳಿವೆ ಎಂದು ಕೇಳಿದರೆ ಅವಳಿಗೂ ಹೇಳಲು ಬರುತ್ತಿರಲಿಲ್ಲ. ಅವತ್ತು ಇಳಿದು ನಿಂತು ನೋಡಿದಳು. ಮೂರನೆಯ ಉಬ್ಬುಶಿಲ್ಪದ ಬಲಮೂಲೆಯಲ್ಲಿ ಒಬ್ಬ, ಕಂಬಕ್ಕೆ ಕಟ್ಟಿದ ಸೈರನ್ನಿನ ಹಿಡಿಕೆ ತಿರುಗಿಸುತ್ತಿದ್ದ.

ಕೆತ್ತಿದ ಮೌನೇಶ ಪತ್ತಾರನಿಗೆ ಈಗ ಎಂಬತ್ತಮೂರು. ಮಗಳ ಮನೆಯ ಪಡಸಾಲೆಯಲ್ಲಿ ಕೂತು ಕನ್ನಡಕ ಒರೆಸುತ್ತ ಅವನು ನೆನಪಿಸಿಕೊಂಡ.

"ಆ ಮೂಲಿ ಖಾಲಿ ಉಳದಿತ್ತವ್ವ. ಹದಿಮೂರು ಮಂದಿ ಗೇಟಿನ ಕಡೆ ಕುಂತ್ರು, ಒಬ್ಬಾಂವಗ ಜಾಗ ಆಗಲಿಲ್ಲ. ಅಲ್ಲಿಗೆ ಹನ್ನೆರಡು ವರ್ಷದಿಂದ ಸೈರನ್ ಕೂಗೂದು ಕೇಳ್ತಿದ್ದೆ. ಅದು ಆ ದಿನದ್ದ ಇರಬೇಕು ಅನ್ಕೊಂಡೆ. ಅವನ ಕೈಯಾಗ ಸೈರನ್ ಕೊಟ್ಟೆ. ಶಿಲ್ಪ ತೂಕಕ್ಕ ಬಂತು."

"ಯಾರನ್ನಾದ್ರೂ ಕೇಳಿದ್ರ್ಯಾ ಕಾಕಾ?"

"ಯಾರೂ ಬ್ಯಾಡ ಅನ್ನಲಿಲ್ಲ," ಅಂದ ಮೌನೇಶ. ಒರೆಸಿದ ಕನ್ನಡಕ ಹಾಕಿಕೊಂಡು, "ತಪ್ಪಾತೇನು?" ಎಂದು ಕೇಳಿದ.

ಕೊನೆಗೆ ಉಳಿದದ್ದು ಪಠ್ಯಪುಸ್ತಕ ಸಮಿತಿಯ ಹಳೆಯ ಕಡತ. ಅವಳ ಇಪ್ಪತ್ತೊಂಬತ್ತನೆಯ ವಯಸ್ಸಿನ ದುಂಡನೆಯ ಅಕ್ಷರ. ಆ ವಾಕ್ಯದ ಪಕ್ಕ ಪೆನ್ಸಿಲಿನಲ್ಲಿ ಬರೆದುಕೊಂಡಿದ್ದಳು: "ಆಧಾರ: ಸ್ಮಾರಕ, ಫಲಕ 3." ಅದರ ಹಿಂದೆಯೇ ಪಾಠ ಬಂದು ಆರು ವರ್ಷದ ನಂತರದ ಇನ್ನೊಂದು ಸುತ್ತೋಲೆ ಇತ್ತು. "ಪಠ್ಯಪುಸ್ತಕದಲ್ಲಿ ತಿಳಿಸಿರುವಂತೆ ವೀರರು ಮೊಳಗಿಸಿದ ಸೈರನ್ನಿನ ನೆನಪಿಗಾಗಿ, ಇನ್ನು ಮುಂದೆ ಎಲ್ಲ ಶಾಲೆಗಳಲ್ಲೂ ನಾಲ್ಕು ಹತ್ತಕ್ಕೆ ಸೈರನ್ ಮೊಳಗಿಸತಕ್ಕದ್ದು."

ಸುಗಂಧಾ ಕಡತ ಮುಚ್ಚಿದಳು. ಇದರಲ್ಲಿ ಸುಳ್ಳು ಹೇಳಿದವರು ಯಾರೂ ಇರಲಿಲ್ಲ. ರಜೆಯ ದಿನದ ಒಂದು ಸದ್ದು ಕಲ್ಲಿಗೆ ಹೋಯಿತು, ಕಲ್ಲಿನಿಂದ ಪುಸ್ತಕಕ್ಕೆ ಬಂತು, ಪುಸ್ತಕ ಅದನ್ನು ಮತ್ತೆ ರಜೆಗೆ ಕೊಟ್ಟಿತು. ಮೂರೂ ಒಂದರ ಮಾತಿಗೆ ಒಂದು ಸಾಕ್ಷಿ ನಿಂತವು. ಮೂರು ಸಾಕ್ಷಿ ಇದ್ದ ಮೇಲೆ ಅನುಮಾನಪಡುವವರು ಯಾರು? ಪಾರವ್ವ ಇಪ್ಪತ್ತೈದು ವರ್ಷ ಕಾಲೊನಿಯ ಶಾಲೆಯಲ್ಲಿ ಬಿಸಿಯೂಟ ಬೇಯಿಸಿದವಳು. ಅಡುಗೆ ಕೋಣೆಯ ಗೋಡೆಯಾಚೆ ವರ್ಷಾ ವರ್ಷಾ ಆ ಸಾಲು ಒಟ್ಟಾಗಿ ಓದಿಸುವುದು ಅವಳ ಕಿವಿಗೆ ಬೀಳುತ್ತಿತ್ತು. ಆಗಸ್ಟಿನಲ್ಲಿ ಸೈರನ್ ಬೀಳುತ್ತಿತ್ತು. ನೆನಪು ಮುದ್ರೆ ಒತ್ತಿಟ್ಟ ಕಾಗದವಲ್ಲ. ತೆಗೆದಾಗಲೆಲ್ಲ ಹೊಸದಾಗಿ ಹೊಲಿದು ಇಡುವ ಬಟ್ಟೆ. ಪ್ರತಿ ಸಲ ಹೊಲಿಯುವಾಗಲೂ ಪಕ್ಕದಲ್ಲಿ ಆ ಸೈರನ್ ಇತ್ತು. ಒಂದು ಸಲ ಒಳಗೆ ಸೇರಿಹೋಯಿತು.

ಸೇರಿದ ಮೇಲೆ ಅದು ಪಾರವ್ವನನ್ನು ಅಪರಾಧಿ ಮಾಡಿತು: ಎಚ್ಚರಿಕೆ ಕೇಳಿಯೂ ಅಕ್ಕನನ್ನು ಬಿಟ್ಟು ಕೌದಿಗೆ ಹೋದವಳು.

*

"ಹದಿನಾಲ್ಕು ಜನರ ಹೆಸರಿಗೆ ಮಸಿ ಬಳೀಬೇಕಂತೀರೇನು?" ಎಂದು ಕೇಳಿದರು ಇಲಾಖೆಯ ನಿರ್ದೇಶಕ ನಾಗಭೂಷಣ.

ಐವತ್ತನೇ ವರ್ಷದ ಆಚರಣೆಯ ಸಮಿತಿ ಸಮೀಕ್ಷಾ ಕೇಂದ್ರದ ನಿಯಂತ್ರಣ ಕೊಠಡಿಯಲ್ಲೇ ಸೇರಿತ್ತು. ಗೋಡೆಯ ದೊಡ್ಡ ಪರದೆಯ ಮೇಲೆ ಜಿಲ್ಲೆಯ ನಕ್ಷೆ, ನೀಲಿ ಕೆಂಪುಗಳಲ್ಲಿ ಮಿನುಗುತ್ತಿತ್ತು. ಸುಗಂಧಾ ಲಾಗ್ ಪುಸ್ತಕದಿಂದ ಹಿಡಿದು ತನ್ನ ಪೆನ್ಸಿಲ್ ಗುರುತಿನವರೆಗೆ ಎಲ್ಲವನ್ನೂ ತೋರಿಸಿ ಕೂತಿದ್ದಳು.

"ಮಸಿ ಅಲ್ಲ ಸರ್. ಆ ವಾಕ್ಯ ಬರೆದವಳು ನಾನು. ತಪ್ಪು ನನ್ನದು."

"ಸೈರನ್ ಇಲ್ಲ ಅಂದ್ರ ಏನರ್ಥ ಆಗ್ತದ ಗೊತ್ತೈತಿಲ್ಲ? ಹೇಳದೆ ಕೇಳದೆ ನೀರು ಬಿಟ್ಟು ಒಂದು ಕೇರಿ ಮುಳುಗಿಸಿದ್ರು ಅಂತ ಆಗ್ತದ. ನಾಳೆ ಪೇಪರಿನವರು ಹಂಗೇ ಬರೀತಾರ." ನಾಗಭೂಷಣ ಕೆಟ್ಟ ಮನುಷ್ಯರಲ್ಲ. ಮಾತಿಗೆ ಮುಂಚೆ ಯೋಚಿಸುವವರು. "ದೇಶಕ್ಕ ಒಂದು ಕಥಿ ಬೇಕಾಗ್ತದ ಸುಗಂಧಾ. ಮುಂದ ಯಾರಾದ್ರೂ ಅಂಥಾ ಹೊತ್ತಿನಾಗ ನಿಂತಾಗ, ಈ ಹದಿನಾಲ್ಕು ಮಂದಿ ನೆನಪಿಗೆ ಬರಬೇಕು. ಒಂದು ಸೈರನ್ ಸಲುವಾಗಿ ಅದನ್ನ ಕಳಕೊಳ್ಳೂದು ಬೇಡ."

"ಮುಂದ ಯಾರಾದ್ರೂ ನಿಂತಾಗ ಬ್ಯಾಟರಿ ಸೈರನ್ ಇಟ್ಟುಕೊಂಡಿರಬೇಕು ಅನ್ನೋದು ಯಾರಿಗೆ ನೆನಪಾಗ್ಬೇಕು ಸರ್? ಇವತ್ತಿಗೂ ಬೆಣಚಿಹೊಳೆಯಲ್ಲಿ ಇರೋದು ಕರೆಂಟಿನ ಸೈರನ್ನೇ. ನಾನು ಹೋಗಿ ನೋಡಿ ಬಂದೆ. ಅವತ್ತು ಕೂಗಿತ್ತು ಅಂತ ಎಲ್ಲರಿಗೂ ಗೊತ್ತಲ್ಲ, ಬದಲಾಯಿಸಬೇಕು ಅಂತ ಯಾರಿಗೂ ಅನಿಸಿಲ್ಲ."

ಮೇಜಿನ ಕೊನೆಯಲ್ಲಿ ಅನ್ನಪೂರ್ಣಾ ಗಾಣಿಗೇರ ಕೂತಿದ್ದರು. ಹದಿನಾಲ್ಕು ಜನರ ಮುಖಂಡನಾಗಿದ್ದ ಗೇಟ್ ಮೇಸ್ತ್ರಿಯ ಮಗಳು. ವೀರರ ಕುಟುಂಬಗಳ ಪರವಾಗಿ ಸಮಿತಿಯಲ್ಲಿದ್ದರು. ಅವರು ಎದ್ದು ಹೋಗುತ್ತಾರೆ ಎಂದೇ ಸುಗಂಧಾ ಭಾವಿಸಿದ್ದಳು.

"ಲಾಗ್ ಪುಸ್ತಕದ ಆ ಹಾಳಿ ಇನ್ನೊಮ್ಮೆ ತೋರಸ್ರಿ," ಅಂದರು ಅವರು.

ಪರದೆಯ ಮೇಲೆ ಉಬ್ಬಿದ ಪುಟ ಬಂತು. ಅವರು ಎದ್ದು ಹತ್ತಿರ ಹೋಗಿ ನಿಂತರು.

"ಇದು ನಮ್ಮಪ್ಪನ ಅಕ್ಷರ. ನಾ ಒಂಬತ್ತು ವರ್ಷದಾಕಿ ಇದ್ದೆ. ಅಂವ ಹೆಂಗ ಮಾತಾಡ್ತಿದ್ದ ಅನ್ನೂದು ನನಗ ಮರತು ಹೋಗೈತಿ. ಕಣ್ಣು ಮುಚ್ಚಿದ್ರ ಬರೂದು ಆ ಶಿಲ್ಪದ ಮುಖ." ಅವರು ಮೇಜಿನ ಕಡೆ ತಿರುಗಿದರು. "ಮರಳಗೇರ್ಯಾಗ ನಮ್ಮಪ್ಪನ ಗೆಳೆಯಾರಿದ್ರು. ಅಂಬಿಗರ ಜೋಡಿ ಮೀನಿಗೆ ಹೋಗಾಂವ. ಗೇಟು ಎತ್ತೂ ಮುಂದ ಅವರು ಅಲ್ಲಿ ಅದಾರ ಅಂತ ಅವಂಗ ಗೊತ್ತಿತ್ತು. ಕೂಗಿ ಹೇಳಾಕ ಏನೂ ಇರಲಿಲ್ಲ. ಆದ್ರೂ ಎತ್ತಿದ. ಅದನ್ನ ಬರೀರಿ. ಅಂವ ಪಟ್ಟ ಸಂಕಟ ಕಸಗೊಂಡು ಕೈಯಾಗ ಸೈರನ್ ಯಾಕ ಕೊಡ್ತೀರಿ?"

ಆಮೇಲೆ ಯಾರಿಗೂ ವಾದ ಬೇಕಾಗಲಿಲ್ಲ. ಹಾಗೆಂದು ಎಲ್ಲವೂ ಬದಲಾಗಲೂ ಇಲ್ಲ. ಪಠ್ಯಪುಸ್ತಕ ಎರಡು ವರ್ಷದ ನಂತರದ ಮರುಮುದ್ರಣದಲ್ಲಿ ತಿದ್ದುವುದೆಂದಾಯಿತು. ಸ್ಮಾರಕವನ್ನು ಮುಟ್ಟಲು ನಾಗಭೂಷಣ ಒಪ್ಪಲಿಲ್ಲ. ಕಲ್ಲನ್ನು ಕೆತ್ತಿದ ಹಾಗೆ ಅಳಿಸಲಾಗದು ಅಂದರು. ಬ್ಯಾಟರಿ ಸೈರನ್ನಿಗೆ ಅಂದೇ ಪತ್ರ ಹೋಯಿತು. ಆಚರಣೆಯ ದಿನ ಮಾತ್ರ, ಈ ವರ್ಷ ಸೈರನ್ ಕೂಗಿಸದೆ ಎರಡು ನಿಮಿಷದ ಮೌನ. ಕಾಲೊನಿಯವರಿಗೂ ಆಹ್ವಾನ. ಐವತ್ತು ವರ್ಷದಲ್ಲಿ ಅದು ಮೊದಲನೆಯದು.

*

ಪಾರವ್ವನಿಗೆ ಹೇಳಬೇಕೋ ಬೇಡವೋ ಎಂದು ಸುಗಂಧಾ ಮೂರು ದಿನ ಒದ್ದಾಡಿದಳು. ಐವತ್ತು ವರ್ಷದ ನೆನಪಿನಿಂದ ಒಂದು ಎಳೆ ಕೀಳುವ ಅಧಿಕಾರ ತನಗೆ ಯಾರು ಕೊಟ್ಟರು ಎಂದು ವಿರೂಪಾಕ್ಷನನ್ನು ಕೇಳಿದಳು.

"ಸೇರಿಸೋ ಮುಂದ ಕೇಳಿದ್ದಿಲ್ಲಲ್ಲ," ಅಂದ ಅವನು. ಚುಚ್ಚಲಿಕ್ಕೆ ಹೇಳಿದ್ದಲ್ಲ. ಆದರೂ ಚುಚ್ಚಿತು. ಮರುದಿನ ಬೆಳಿಗ್ಗೆ ಅವಳು ಕಾಲೊನಿಯ ಬಸ್ಸು ಹತ್ತಿದಳು.

ಪಾರವ್ವ ಅಂಗಳದಲ್ಲಿ ಮೆಣಸಿನಕಾಯಿ ಹರವುತ್ತಿದ್ದಳು. ಸುಗಂಧಾ ಅವಳ ಪಕ್ಕ ಕೂತು, ತಾನೂ ಹರವುತ್ತ, ಎಲ್ಲವನ್ನೂ ಹೇಳಿದಳು. ಕರೆಂಟು ಹೋದದ್ದು, ಸುತ್ತೋಲೆ, ಮೌನೇಶನ ಖಾಲಿ ಮೂಲೆ, ತಾನು ಬರೆದ ಸಾಲು, ಸೈರನ್ ಕೇಳಿದೆವೆನ್ನುವ ಇನ್ನೂ ಹದಿನೆಂಟು ಜನ.

ಪಾರವ್ವನ ಕೈ ನಿಂತಿತು.

"ಅಂದ್ರ ನಾ ಸುಳ್ಳ ಹೇಳಾಕತ್ತೀನೇನು?"

"ಇಲ್ಲ ಅವ್ವಾರ. ನಿಮಗ ಕೇಳಿಸಿದ್ದು ಖರೇನ. ಅವತ್ತು ಕೇಳಿಸಿದ್ದಲ್ಲ, ಆಮ್ಯಾಲೆ ಕೇಳಿಸಿದ್ದು."

"ನನ್ನ ತಲಿಯಾಗ ಏನೈತಿ ಅಂತ ನನಗ ಹೇಳಾಕ ಬಂದ್ಯಾ?" ಪಾರವ್ವ ಎದ್ದು ಒಳಗೆ ಹೋದಳು. ಪಾತ್ರೆಗಳ ಸದ್ದು ಕೇಳಿಸಿತು. ಸುಗಂಧಾ ಎದ್ದು ಹೋಗಲಿಲ್ಲ. ಮೆಣಸಿನಕಾಯಿ ಪೂರ್ತಿ ಹರವಿ ಮುಗಿಸಿದಳು. ಕೈ ಉರಿಯುತ್ತಿತ್ತು.

ಬಹಳ ಹೊತ್ತಿನ ಮೇಲೆ ಪಾರವ್ವ ಎರಡು ಲೋಟ ಚಹಾ ಹಿಡಿದು ಬಂದಳು. ಒಂದನ್ನು ಸುಗಂಧಾಳ ಮುಂದಿಟ್ಟಳು.

"ಸೈರನ್ ಕೂಗಿದ್ದಿಲ್ಲ ಅಂದ್ರ," ಅಂದಳು ನಿಧಾನವಾಗಿ, "ನಾ ಕೌದಿ ತರಾಕ ಯಾಕ ಹೋದೆ?"

"ನೀವ ಹೇಳ್ರಿ."

"ನಮ್ಮಕ್ಕಗ ಥಂಡಿ ಹತ್ತಿತ್ತು." ಪಾರವ್ವ ಲೋಟವನ್ನು ಎರಡೂ ಅಂಗೈಯಲ್ಲಿ ಹಿಡಿದಳು. "ಜ್ವರದಾಗ ನಡುಗಾಕತ್ತಿದ್ಳು. ಹೋಗೂಣು ಅಂದಿದ್ಳು ಅಂತ ಅನ್ಕೊಂಡೀನಿ, ಹಂಗ ಅಂದಿದ್ದಿಲ್ಲ. ಥಂಡಿ ಅಂದ್ಳು. ಅಷ್ಟ. ಅದಕ್ಕ ಕೌದಿ." ಅವಳ ಕಣ್ಣು ತುಂಬಿದವು, ಧ್ವನಿ ಮಾತ್ರ ಗಟ್ಟಿಯಾಗಿತ್ತು. "ಅಷ್ಟಕ್ಕ ಹೋಗಿದ್ದೆ ನೋಡು ಯವ್ವಾ. ಅವಳಿಗೆ ಹೊಚ್ಚಾಕ."

ಸುಗಂಧಾ ಕ್ಷಮಿಸಿ ಎಂದು ಹೇಳಲು ಬಂದಿದ್ದಳು. ಆ ಮಾತು ಈಗ ತೀರ ಸಣ್ಣದೆನಿಸಿತು. ಚಹಾ ಕುಡಿದಳು.

"ಇನ್ನೂ ಹದಿನೆಂಟು ಮಂದಿ ಅದಾರ ಅಂದ್ಯಲ್ಲ, ಸೈರನ್ ಕೇಳಿದವ್ರು," ಅಂದಳು ಪಾರವ್ವ. "ಅವರಿಗೆ ನಾ ಹೇಳ್ತೀನಿ. ನೀ ಹೇಳಬ್ಯಾಡ. ನಿನ್ನ ಮಾತು ನಂಬೂದಿಲ್ಲ."

*

ಆಗಸ್ಟ್ ಒಂಬತ್ತರಂದು ವೃತ್ತದಲ್ಲಿ ಕಾಲಿಡಲು ಜಾಗವಿರಲಿಲ್ಲ. ಶಾಲೆಗಳ ಬ್ಯಾಂಡು, ಹೂವಿನ ಹಾರ, ರಜೆಗೆಂದು ಮಕ್ಕಳನ್ನು ಕರೆದುಕೊಂಡು ಬಂದ ಕುಟುಂಬಗಳು, ಐಸ್‌ಕ್ರೀಮಿನ ಗಾಡಿಗಳು. ಕಾಲೊನಿಯವರು ಒಂದು ಬಸ್ಸಿನಲ್ಲಿ ಬಂದು, ಎಲ್ಲಿ ನಿಲ್ಲಬೇಕೆಂದು ತಿಳಿಯದೆ, ಮೂರನೆಯ ಫಲಕದ ಎದುರು ಗುಂಪಾಗಿ ನಿಂತಿದ್ದರು. ಸುಗಂಧಾ ಅವರ ಜೊತೆ ನಿಂತಳು. ಅನ್ನಪೂರ್ಣಾ ವೇದಿಕೆಯಿಂದ ಇಳಿದು ಬಂದು, ಯಾರಿಗೂ ಏನೂ ಹೇಳದೆ, ಪಾರವ್ವನ ಪಕ್ಕ ನಿಂತರು.

ಹದಿನಾಲ್ಕು ಹೆಸರು ಓದಿದರು. ನಾಲ್ಕು ಹತ್ತಕ್ಕೆ ನಿರೂಪಕ ಮೈಕು ಆರಿಸಿದ. ಜನ ರೂಢಿಯಂತೆ ತಲೆ ಎತ್ತಿ ಕಂಬದ ಕಡೆ ನೋಡಿದರು. ಏನೂ ಕೇಳಿಸಲಿಲ್ಲ. ಒಂದು ಕ್ಷಣ ಗೊಂದಲವಾಯಿತು, ಯಾರೋ ಕೆಮ್ಮಿದರು, ಆಮೇಲೆ ಒಬ್ಬೊಬ್ಬರಾಗಿ ಸುಮ್ಮನಾದರು. ಎಲೆಗಳ ಸದ್ದು ಬಂತು. ದೂರದಲ್ಲಿ ಎಲ್ಲೋ ಒಂದು ಕೂಸು ಅತ್ತು ನಿಂತಿತು. ಹೊಳೆಯ ಕಡೆಯಿಂದ ತಣ್ಣನೆಯ ಗಾಳಿ ಬೀಸಿತು.

ಪಾರವ್ವ ಕಣ್ಣು ಮುಚ್ಚಿಕೊಂಡು ನಿಂತಿದ್ದಳು. "ಹಿಂಗ ಇತ್ತು," ಅಂದಳು, ಸುಗಂಧಾಳಿಗೆ ಮಾತ್ರ ಕೇಳುವಷ್ಟು ಮೆಲ್ಲಗೆ. "ಅವತ್ತೂ ಹಿಂಗ ಸುಮ್ಮನ ಇತ್ತು."

ಎರಡು ನಿಮಿಷ ಮುಗಿಯಿತು. ಬ್ಯಾಂಡು ಶುರುವಾಯಿತು, ಜನ ಚದುರತೊಡಗಿದರು. ಪಟ್ಟಣದ ಯಾರೋ ಒಬ್ಬ, ಹೆಗಲ ಮೇಲೆ ಮಗಳನ್ನು ಕೂರಿಸಿಕೊಂಡವನು, ಪಕ್ಕದಲ್ಲೇ ಹಾದುಹೋಗುತ್ತ ಹೆಂಡತಿಗೆ ಹೇಳುತ್ತಿದ್ದ:

"ಈ ಸಲ ಸೈರನ್ ಸಣ್ಣಗ ಕೂಗಿತು, ಅಲ್ಲ?"

ಹೆಂಡತಿ ಹೂಂ ಅಂದಳು. ಸುಗಂಧಾ ಬಾಯಿ ತೆರೆಯುವ ಮೊದಲೇ ಪಾರವ್ವ ಒಂದು ಹೆಜ್ಜೆ ಮುಂದೆ ಬಂದು ಅವನ ದಾರಿಗೆ ಅಡ್ಡ ನಿಂತಿದ್ದಳು.

"ಕೂಗಲಿಲ್ಲಪ್ಪಾ," ಅಂದಳು ಅವಳು. "ಕೂಗೇ ಇಲ್ಲ. ನಾ ಇದ್ದೆ ಅಲ್ಲಿ."